ಕೇಸ್ ರಿಪೋರ್ಟ್‌ನ ಚರ್ಚೆ ತಿದ್ದುವಾಗ

ಪ್ರಿಯ ಗೆಳತಿ,

ನಿಮ್ಮ ಕೇಸ್ ರಿಪೋರ್ಟ್ ಓದಿದೆ. ಕೊಳಕುಮಂಡಲ ಕಚ್ಚಿ, ಕಿಡ್ನಿ ಕೆಟ್ಟು, ಡಯಾಲಿಸಿಸ್ ಆಗಿ ಚೇತರಿಸಿಕೊಳ್ಳುತ್ತಿದ್ದ ರೈತ. ಒಂಬತ್ತನೇ ದಿನ ಇದ್ದಕ್ಕಿದ್ದಂತೆ ಬಿಪಿ ಇಳಿಯಿತು, ಸಕ್ಕರೆಯೂ ಇಳಿಯಿತು. ಬಿಪಿ, ಸಕ್ಕರೆ ಇಳಿಯದಂತೆ ಕಾಯುವ ಕಾರ್ಟಿಸಾಲ್ ಹಾರ್ಮೋನ್ ನೋಡಿದರೆ ಡೆಸಿಲೀಟರ್‌ಗೆ ಬರೀ 2 ಮೈಕ್ರೋಗ್ರಾಂ. ಹೈಡ್ರೋಕಾರ್ಟಿಸೋನ್ ಕೊಟ್ಟ ಮೇಲೆ ಬಿಪಿ ಸ್ಥಿರವಾಯಿತು. ಕೇಸ್ ಭಾಗವನ್ನು ಚೆನ್ನಾಗಿ ಬರೆದಿದ್ದೀರಿ, ಅದನ್ನು ಮುಟ್ಟಬೇಡಿ. ತಿದ್ದಬೇಕಾದದ್ದು ಚರ್ಚೆಯನ್ನು.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಜಗತ್ತಿನಲ್ಲಿ ಎಷ್ಟು ಜನರಿಗೆ ಹಾವು ಕಚ್ಚುತ್ತದೆ, ವಿಷದಲ್ಲಿ ಯಾವ್ಯಾವ ಕಿಣ್ವಗಳಿವೆ ಅನ್ನುವುದಕ್ಕೂ ನಿಮ್ಮ ರೋಗಿಗೂ ಸಂಬಂಧವಿಲ್ಲ. ‘ಮೊದಲ ಬಾರಿಗೆ’ ಅನ್ನುವ ಮಾತೂ ಬೇಡ. ಇದೇ ಹಾವು ಕಚ್ಚಿದ ಮೇಲೆ, ಕಾರ್ಟಿಸಾಲ್ ಬರುವಂತೆ ನೋಡಿಕೊಳ್ಳುವ ಪಿಟ್ಯುಟರಿ ಗ್ರಂಥಿ ಸೋತದ್ದನ್ನು ಬರ್ಮಾದ ವೈದ್ಯರು 1987ರಲ್ಲೇ ಲ್ಯಾನ್ಸೆಟ್‌ನಲ್ಲಿ ಬರೆದಿದ್ದಾರೆ. ನಮ್ಮ ದಕ್ಷಿಣ ಭಾರತದಿಂದಲೂ ವರದಿಗಳು ಬಂದಿವೆ. ಅವುಗಳಲ್ಲಿ ನಿಮ್ಮ ರೋಗಿಗೆ ಹತ್ತಿರವಾದ ಒಂದೆರಡನ್ನು ಮಾತ್ರ ಇಟ್ಟುಕೊಳ್ಳಿ. ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ ಅಂತ ಹೇಳಿ.

ಇನ್ನು ಅನುಮಾನದ ಮಾತು. ನೀವು ಒಂದು ಕಡೆ ‘ವಿಷದಿಂದ ಪಿಟ್ಯುಟರಿಯಲ್ಲಿ ರಕ್ತಸ್ರಾವವಾಗಿ ಹಾರ್ಮೋನ್ ನಿಂತಿತು’ ಅಂತ ಖಚಿತವಾಗಿ ಬರೆದಿದ್ದೀರಿ. ಇನ್ನೊಂದು ಕಡೆ ‘ಬಹುಶಃ ಕಾರ್ಟಿಸಾಲ್ ಕಡಿಮೆಯಾಗಿದ್ದಿರಬಹುದೇನೋ’ ಅಂತಿದೆ. ಇದು ತಲೆಕೆಳಗಾಯಿತು. ಕಾರ್ಟಿಸಾಲ್ ಕಡಿಮೆಯಿದ್ದದ್ದು ಲ್ಯಾಬ್ ಕೊಟ್ಟ ಅಂಕಿ, ಅದನ್ನು ನೇರವಾಗಿ ಹೇಳಿ. ರಕ್ತಸ್ರಾವವನ್ನು ಯಾರೂ ನೋಡಿಲ್ಲ. ನಿಮ್ಮ ಎಂಆರ್‌ಐ ನಾರ್ಮಲ್ ಇದೆ, ಅಲ್ವಾ? ಹಾಗಾಗಿ ಅಲ್ಲಿ ಬರೆಯಬಹುದಾದದ್ದು ಇಷ್ಟೇ: ‘ರಕ್ತಸ್ರಾವ ಅಥವಾ ಸಣ್ಣ ರಕ್ತನಾಳ ಕಟ್ಟಿಕೊಳ್ಳುವುದು ಇದಕ್ಕೆ ಕಾರಣ ಅಂತ ಬೇರೆಯವರು ಹೇಳಿದ್ದಾರೆ, ನಮ್ಮ ರೋಗಿಯ ಎಂಆರ್‌ಐನಲ್ಲಿ ಅದು ಕಾಣಲಿಲ್ಲ.’

ಅನುಮಾನವನ್ನು ಎಲ್ಲ ವಾಕ್ಯಕ್ಕೂ ಸಮವಾಗಿ ಹಂಚಬೇಡಿ. ಕಾರ್ಟಿಸಾಲ್ ನೋಡಿ. ಬಿಪಿ ಅಷ್ಟು ಇಳಿದ ರೋಗಿಯಲ್ಲಿ ಅದು ಏರಿರಬೇಕಿತ್ತು. ಹಾಗಾಗಿ 2 ಅನ್ನುವುದು ಗಟ್ಟಿ ಸಾಕ್ಷಿ. ಆದರೆ ಓದುವ ವಿಮರ್ಶಕರು ತಕ್ಷಣ ಕೇಳುವುದು ಒಂದೇ: ಹಾವಿನ ವಿಷದ ಮದ್ದು ಅಲರ್ಜಿಯಾದಾಗ ಸ್ಟೀರಾಯ್ಡ್ ಕೊಟ್ಟಿದ್ದಿರಾ? ಔಷಧಿ ಚಾರ್ಟ್ ತೆಗೆದು ನೋಡಿ. ಮೊದಲ ದಿನ ಒಂದೇ ಒಂದು ಡೋಸ್ ಹೈಡ್ರೋಕಾರ್ಟಿಸೋನ್ ಕೊಟ್ಟಿದ್ದರೆ, ಒಂಬತ್ತನೇ ದಿನದ ಅಂಕಿಗೆ ಅದು ಕಾರಣವಾಗುವುದು ಕಷ್ಟ. ಅದನ್ನು ಬರೆದರೆ ನಿಮ್ಮ ವಾದ ಬಲವಾಗುತ್ತದೆ. ದಿನಗಟ್ಟಲೆ ಕೊಟ್ಟಿದ್ದರೆ ಆ ಸ್ಟೀರಾಯ್ಡೇ ದೇಹದ ಕಾರ್ಟಿಸಾಲನ್ನು ತಗ್ಗಿಸಿರಬಹುದು, ಮಾತನ್ನು ಸಡಿಲ ಮಾಡಲೇಬೇಕು. ಮನೆಯಲ್ಲಿ ಮೊದಲಿನಿಂದ ನೋವಿನ ಮಾತ್ರೆ, ನಾಟಿ ಪುಡಿ ತಿನ್ನುತ್ತಿದ್ದರಾ ಅಂತಲೂ ವಿಚಾರಿಸಿ. ಅಂಥವುಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಇರುತ್ತದೆ.

ಥೈರಾಯ್ಡ್ ವಿಷಯ ಬೇರೆ. ಥೈರಾಯ್ಡ್‌ನ ಹಾರ್ಮೋನ್ ಟಿ4 ಕಡಿಮೆ, ಅದನ್ನು ಹೊರಡಿಸುವ ಪಿಟ್ಯುಟರಿಯ ಟಿಎಸ್‌ಎಚ್ ನಾರ್ಮಲ್ ಅನ್ನುವುದು ಪಿಟ್ಯುಟರಿ ಸೋತಾಗಲೂ ಕಾಣುತ್ತದೆ, ಐಸಿಯುನಲ್ಲಿ ಬರೀ ಕಾಯಿಲೆಯ ತೀವ್ರತೆಗೂ ಕಾಣುತ್ತದೆ. ಒಂದೇ ಸಲದ ಪರೀಕ್ಷೆಯಿಂದ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಇಲ್ಲಿ ‘ಇರಬಹುದು’ ಸರಿಯಾದ ಮಾತು. ಯಾಕೆ ಇರಬಹುದು ಅನ್ನುವ ಕಾರಣವೂ ಅದೇ ವಾಕ್ಯದಲ್ಲಿರಲಿ.

ಹಾವಿನ ಗುರುತು ಹೇಗಾಯಿತು ಅಂತಲೂ ಒಂದು ಸಾಲು ಬೇಕು. ವಿಷದ ಮದ್ದಿಗೆ ಗುಣವಾಯಿತು, ಹಾಗಾಗಿ ಕೊಳಕುಮಂಡಲವೇ ಅನ್ನಲಾಗದು. ನಮ್ಮಲ್ಲಿ ಸಿಗುವ ಮದ್ದು ನಾಲ್ಕು ಜಾತಿಯ ಹಾವಿಗೂ ಒಂದೇ. ಮನೆಯವರು ಫೋಟೋ ತೋರಿಸಿದ್ದರೆ ಹಾಗೆಂದೇ ಬರೆಯಿರಿ.

ಕೊನೆಯಲ್ಲಿ ‘ಹಾವು ಕಚ್ಚಿದ ಎಲ್ಲರಿಗೂ ಹಾರ್ಮೋನ್ ಪರೀಕ್ಷೆ ಮಾಡಬೇಕು’ ಅಂದಿದ್ದೀರಿ. ಒಬ್ಬ ರೋಗಿ ಅಷ್ಟು ಭಾರ ಹೊರಲಾರ. ನಿಮ್ಮ ಕೇಸ್ ಹೇಳುವುದು ಇಷ್ಟು: ಕೊಳಕುಮಂಡಲ ಕಚ್ಚಿ ಚೇತರಿಸಿಕೊಳ್ಳುತ್ತಿರುವವರಲ್ಲಿ ಬೇರೆ ಕಾರಣ ಸಿಗದೆ ಬಿಪಿ ಅಥವಾ ಸಕ್ಕರೆ ಇಳಿದರೆ ಕಾರ್ಟಿಸಾಲ್‌ಗೆ ರಕ್ತ ತೆಗೆಯಿರಿ, ಫಲಿತಾಂಶಕ್ಕೆ ಕಾಯದೆ ಹೈಡ್ರೋಕಾರ್ಟಿಸೋನ್ ಕೊಡಿ. ಸೋಂಕು ಇರಲಿಲ್ಲ ಅಂತ ಹೇಗೆ ತಿಳಿಯಿತು ಅನ್ನುವುದೂ ಅಲ್ಲೇ ಬರಲಿ.

ಅಂದ ಹಾಗೆ, ಅವರನ್ನು ಮೂರು ತಿಂಗಳಿಗೆ ವಾಪಸ್ ಬರಲು ಹೇಳಿದ್ದೀರಲ್ಲ? ಆಗಲೂ ಟಿ4 ಕಡಿಮೆಯಿದ್ದರೆ ಥೈರಾಯ್ಡ್ ಪ್ಯಾರಾವನ್ನು ಪೂರ್ತಿ ಬದಲಾಯಿಸಬೇಕಾಗುತ್ತದೆ. ಸರಿಹೋಗಿದ್ದರೂ ಅಷ್ಟೇ. ಆ ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆ ಲೇಖನವನ್ನು ಜರ್ನಲ್‌ಗೆ ಕಳಿಸಿ, ಕಳಿಸುವ ಮುಂಚೆ ನನಗೊಮ್ಮೆ ತೋರಿಸಿ.

ನಿಮ್ಮ ಹಿರಿಯ ಸಹೋದ್ಯೋಗಿ