ಇಳಕಲ್ ಸಂದರ್ಶನ ತಿದ್ದುತ್ತಿರುವವರಿಗೆ

ನಮಸ್ಕಾರ. ನೇಕಾರ ಅಜ್ಜನ ಸಂದರ್ಶನದ ಕರಡು ನೋಡಿದೆ. ಓದಲು ಸಲೀಸಾಗಿದೆ, ಆದರೆ ಒಂದು ಕಡೆ ಅರ್ಥವೇ ತಿರುಗಿದೆ. ಅಜ್ಜ ಅಂದಿದ್ದು: "ಕೈಮಗ್ಗ ಎಲ್ಲಾ ನಿಂತಾವು ಅಂತಲ್ರೀ, ಅಂದ್ರ... ಏನಂತಾರ... ನಮ್ಮ ಓಣ್ಯಾಗ ನಿಂತಾವು." ಕರಡಿನಲ್ಲಿ "ಕೈಮಗ್ಗ ನಿಂತಾವು" ಅಷ್ಟೇ ಉಳಿದಿದೆ! "ಅಂದ್ರ", "ಏನಂತಾರ" ತೆಗೆಯಿರಿ, ಅವು ಸುಮ್ನೆ ತಡವರಿಕೆ. "ನಮ್ಮ ಓಣ್ಯಾಗ" ಮಾತ್ರ ಇರಲಿ, ಅವರು ಹೇಳಿದ್ದು ಅಷ್ಟರ ಬಗ್ಗೆಯೇ ಅಲ್ವಾ.

ಸೆರಗಿಗೆ ಕೊಂಡಿ ಹಾಕುವ ವಿವರ ಎರಡು ಕಡೆ ಬಂದಿದೆ. ಅದನ್ನು ಒಂದೇ ಉತ್ತರಕ್ಕೆ ಕೂಡಿಸಬಹುದು. ಆದರೆ ಮಜೂರಿ ಬಗ್ಗೆ ಕೇಳಿದಾಗ ಸಿಟ್ಟಿನಲ್ಲಿ ಅಂದ ಮಾತನ್ನು ಮಗನ ಬಗೆಗಿನ ಪ್ರಶ್ನೆಯ ಕೆಳಗೆ ತರಬೇಡಿ. ಮಗನ ಮೇಲೆ ಸಿಟ್ಟಾದಂತೆ ಕಾಣುತ್ತದೆ. ನಮ್ಮ ಪ್ರಶ್ನೆ ಮೊಟಕು ಮಾಡಿ, ಮೊನಚು ಮಾಡಬೇಡಿ.

ಗುರುವಾರದೊಳಗೆ ತಿದ್ದಿ ಹಾಕಿ. ಶುಕ್ರವಾರ ಅಜ್ಜನಿಗೆ ಓದಿ ಹೇಳಿ ಬರುತ್ತೇನೆ.