ಫಿರಂಗಿ ಎಲ್ಲರಲ್ಲೂ ಇತ್ತು, ಮದ್ದು ಇರಲಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಯುರೋಪಿನ ಕೋಟೆಗಳ ಕುರಿತು ಬಂದ ಲೇಖನವು, ಫಿರಂಗಿ ಬಂದದ್ದೇ ತಡ ಕೋಟೆಗಳು ಉರುಳಿ ಅವುಗಳ ಒಡೆಯರು ಅಳಿದರು ಎನ್ನುತ್ತದೆ. ಆದರೆ ಆ ಒಡೆಯರಲ್ಲೂ ಫಿರಂಗಿಗಳಿದ್ದವು. ಅವನ್ನು ವಾರಗಟ್ಟಲೆ ಹಾರಿಸುವಷ್ಟು ಮದ್ದು ಮಾತ್ರ ಇರಲಿಲ್ಲ. ಇದಕ್ಕೆ ಜರ್ಮನಿಯ ಫ್ರಾಂಟ್ಸ್ ಫಾನ್ ಸಿಕ್ಕಿಂಗೆನ್‌ನ ಕಥೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಎಂಟೇ ತಿಂಗಳ ಅಂತರದಲ್ಲಿ ಅವನು ಮುತ್ತಿಗೆ ಹಾಕಿಯೂ ಸೋತ, ಮುತ್ತಿಗೆಗೆ ಸಿಕ್ಕಿಯೂ ಸೋತ.

ರೈನ್ ಸೀಮೆಯಲ್ಲಿ ಹಲವು ಕೋಟೆಗಳಿದ್ದ ಈ ಸರದಾರ 1522ರ ಸೆಪ್ಟೆಂಬರಿನಲ್ಲಿ ಟ್ರಿಯರ್ ನಗರದ ಮೇಲೆ ಏರಿಹೋದ. ದಂಡು ದೊಡ್ಡದೇ, ಫಿರಂಗಿಗಳೂ ಇದ್ದವು. ಆದರೆ ಸುಮಾರು ಒಂದು ವಾರದಲ್ಲಿ ಮದ್ದು ಮುಗಿಯಿತು. ಗೋಡೆ ನಿಂತೇ ಇತ್ತು, ಅವನು ಹಿಂದೆ ಸರಿದ.

ಮದ್ದು ಅಷ್ಟು ಬೇಗ ಏಕೆ ತೀರುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. 11 ಕಿಲೋ ತೂಕದ ಕಬ್ಬಿಣದ ಗುಂಡಿಗೆ, ಕೈಬಿಗಿ ಹಿಡಿದರೂ, ಅದರ ಅರ್ಧ ತೂಕದ ಮದ್ದು ಬೇಕು. ಅಂಥ ಹತ್ತು ಫಿರಂಗಿಗಳು ದಿನಕ್ಕೆ ತಲಾ 40 ಸಲ ಹಾರಿದರೆ ಏಳು ದಿನಕ್ಕೆ 15 ಟನ್ ಮೀರಿ ಮದ್ದು, 30 ಟನ್ ಮೀರಿ ಕಬ್ಬಿಣ. ಗಾಡಿಗೆ ಅರ್ಧ ಟನ್ ಹೇರಿದರೆ 90ಕ್ಕೂ ಹೆಚ್ಚು ಗಾಡಿ. ಮದ್ದಿನ ಮುಕ್ಕಾಲು ಪಾಲು ಪೆಟ್ಲುಪ್ಪು. ಅದನ್ನು ಕೊಟ್ಟಿಗೆ, ಲಾಯ, ಪಾಯಖಾನೆಗಳ ಮಣ್ಣು ಕೆರೆದು, ನೀರಲ್ಲಿ ನೆನೆಸಿ ಸೋಸಿ, ಮರದ ಬೂದಿ ಬೆರೆಸಿ, ಕುದಿಸಿ ಹರಳುಗಟ್ಟಿಸಬೇಕು. ಬೂದಿ ಸಾಲದಿದ್ದರೆ ಉಪ್ಪು ಗಾಳಿಯ ತೇವ ಹೀರಿಕೊಳ್ಳುತ್ತದೆ, ಮದ್ದು ಬುಸ್ಸೆಂದು ಉರಿದು ಗುಂಡು ಅರ್ಧ ದಾರಿಯಲ್ಲೇ ಬೀಳುತ್ತದೆ. ಹತ್ತಾರು ಹಳ್ಳಿಗಳ ಒಡೆಯ ಎಷ್ಟು ಕೊಟ್ಟಿಗೆ ಕೆರೆಸಿಯಾನು? ಇಡೀ ನಾಡಿನ ಮಣ್ಣಿನ ಮೇಲೆ ಹಕ್ಕು, ವರ್ಷವರ್ಷ ಬರುವ ತೆರಿಗೆ, ಮದ್ದು ಕೂಡಿಡಲು ಉಗ್ರಾಣ, ಇವೆಲ್ಲ ಇದ್ದವನಿಗಷ್ಟೇ ಅದು ಸಾಧ್ಯ.

1523ರ ಏಪ್ರಿಲ್ ಕೊನೆಯಲ್ಲಿ ಅಂಥವರೇ ಮೂವರು ಅವನ ಲಾಂಡ್‌ಸ್ಟೂಲ್ ಕೋಟೆಯ ಮುಂದೆ ಬಂದು ನಿಂತರು: ಟ್ರಿಯರ್ ಸೀಮೆಯನ್ನು ಆಳುತ್ತಿದ್ದ ಆರ್ಚ್‌ಬಿಷಪ್, ಪ್ಯಾಲಟಿನೇಟಿನ ಲುಡ್‌ವಿಗ್, ಹೆಸ್ಸೆಯ ಫಿಲಿಪ್. ಕೋಟೆ ಹಳೆಯದೇ, ಆದರೆ ಫಿರಂಗಿಗೆ ಎದೆಯೊಡ್ಡಲೆಂದೇ ದಪ್ಪನೆಯ ದುಂಡು ಬತೇರಿ ಕಟ್ಟಿಸಿ ಬಲಪಡಿಸಿದ್ದು. ತಿಂಗಳುಗಟ್ಟಲೆ ತಡೆದರೆ ಗೆಳೆಯರ ದಂಡು ಬರುತ್ತದೆ ಎಂಬುದು ಅವನ ಎಣಿಕೆ. ಹಳೆಯ ಕಾಲದಲ್ಲಿ ಈ ಎಣಿಕೆ ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ. ಮುತ್ತಿದವನ ದವಸ, ಸಂಬಳದ ಹಣ ಮೊದಲು ಮುಗಿಯುತ್ತಿತ್ತು, ಒಳಗಿದ್ದವನು ಗೆಲ್ಲುತ್ತಿದ್ದ.

ಗೋಡೆ ಒಡೆಯುವುದಕ್ಕೂ ಕ್ರಮವಿದೆ. ಎತ್ತರಕ್ಕೆ ಹೊಡೆದರೆ ಕಲ್ಲು ಉದುರಿ ಬುಡಕ್ಕೇ ರಾಶಿಯಾಗಿ ಗೋಡೆಯನ್ನು ಕಾಯುತ್ತದೆ. ಹಾಗಾಗಿ ತಗ್ಗಿನಲ್ಲಿ ಅಡ್ಡಗೆರೆ ಎಳೆದಂತೆ ಹೊಡೆದು ಕೊರೆಯಬೇಕು. ಆಮೇಲೆ ಎರಡು ತುದಿಗಳಿಂದ ಮೇಲಕ್ಕೆ ಸೀಳಬೇಕು. ಆಗ ಆ ಭಾಗ ತನ್ನ ಭಾರಕ್ಕೆ ತಾನೇ ಹೊರಕ್ಕೆ ಕುಸಿದು ಕಂದಕ ತುಂಬುತ್ತದೆ, ಕಾಲಾಳು ಅದನ್ನೇ ಹತ್ತಿ ನುಗ್ಗುತ್ತಾರೆ. ಇಷ್ಟಾಗಲು ಗುಂಡು ಮತ್ತೆ ಮತ್ತೆ ಅದೇ ಜಾಗಕ್ಕೆ ಬೀಳಬೇಕು. ಗೋಡೆಗೆ ಬಡಿದು ತಾನೇ ಪುಡಿಯಾಗುತ್ತಿದ್ದ ಕಲ್ಲುಗುಂಡಿನ ಬದಲು ಎರಕದ ಕಬ್ಬಿಣದ ಗುಂಡು ಬಂದದ್ದು ಇಲ್ಲಿ ದೊಡ್ಡ ಸಂಗತಿ. ಅದೇ ಗಾತ್ರಕ್ಕೆ ಎರಡೂವರೆ ಪಟ್ಟು ತೂಕವಿದ್ದುದರಿಂದ ಕುದುರೆ ಎಳೆಯಬಹುದಾದ ಸಣ್ಣ ಕಂಚಿನ ಫಿರಂಗಿಯೇ ಸಾಕಾಯಿತು. ಲೇಖಕರು ಮೆಚ್ಚಿಕೊಂಡಿರುವ ದೈತ್ಯ ಫಿರಂಗಿಗಳು ಈ ಹೊತ್ತಿಗಾಗಲೇ ಹಳತಾಗಿದ್ದವು.

ಲಾಂಡ್‌ಸ್ಟೂಲ್‌ನ ಹೊಸ ಬತೇರಿ ಕೆಲವೇ ದಿನಗಳಲ್ಲಿ ಕುಸಿಯಿತು. ಸೀಳು ಬಿದ್ದ ಕಡೆ ನೋಡಲು ಹೋದ ಸಿಕ್ಕಿಂಗೆನ್ ಗುಂಡಿನ ಏಟಿಗೆ ಸಿಡಿದ ಮರದ ತೊಲೆಗಳ ನಡುವೆ ಸಿಕ್ಕಿ ಗಾಯಗೊಂಡ. ನೆರವಿಗೆ ಯಾರೂ ಬರಲಿಲ್ಲ. ಕೋಟೆ ಒಪ್ಪಿಸಿ ಮೇ 7ರಂದು ಅಲ್ಲೇ ತೀರಿಕೊಂಡ. ಅದೇ ಬೇಸಿಗೆಯಲ್ಲಿ ದಕ್ಷಿಣ ಜರ್ಮನಿಯ ಅರಸರು ಮತ್ತು ನಗರಗಳ ಕೂಟವಾದ ಸ್ವೇಬಿಯನ್ ಒಕ್ಕೂಟದ ದಂಡು ಫ್ರಾಂಕೋನಿಯಾದಲ್ಲಿ ಇಂಥ ಸರದಾರರ 23 ಕೋಟೆಗಳನ್ನು ಹಾಳುಗೆಡವಿತು. ಸರದಾರರ ಖಾಸಗಿ ಕಾಳಗಗಳನ್ನು, ಜರ್ಮನಿ ಸೇರಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಕಾನೂನು 1495ರಲ್ಲೇ ನಿಷೇಧಿಸಿತ್ತು. ಜಾರಿ ಮಾಡುವವರು ಮಾತ್ರ ಇರಲಿಲ್ಲ.

ಇದರಿಂದ ಚಕ್ರವರ್ತಿ ಬಲಗೊಂಡ ಎಂದುಕೊಂಡರೆ ಅದೂ ತಪ್ಪು. ಜರ್ಮನಿಯಲ್ಲಿ ಲಾಭವಾದದ್ದು ಪ್ರಾಂತ್ಯಗಳ ಅರಸರಿಗೆ. ಫ್ರಾನ್ಸಿನಲ್ಲಿ ಮಾತ್ರ ಅದು ನೇರವಾಗಿ ದೊರೆಗೆ ದಕ್ಕಿತು, ಏಕೆಂದರೆ ಅಲ್ಲಿ ಏಳನೇ ಚಾರ್ಲ್ಸ್ ಸೇನೆಗೆಂದೇ ಕಾಯಂ ತೆರಿಗೆ ಎತ್ತುತ್ತಿದ್ದ. ಅವನ ಬ್ಯೂರೋ ಸಹೋದರರ ಫಿರಂಗಿಪಡೆ ಜೊತೆಗಿದ್ದ ದಂಡು 1449–50ರಲ್ಲಿ ಸುಮಾರು ಒಂದೇ ವರ್ಷದಲ್ಲಿ ಇಂಗ್ಲಿಷರಿಂದ ನಾರ್ಮಂಡಿಯನ್ನು ಕಿತ್ತುಕೊಂಡಿತು. ಅಲ್ಲಿನ ಎಷ್ಟೋ ಊರುಗಳು ಫಿರಂಗಿ ಹೂಡಿದ್ದನ್ನು ಕಂಡೇ ಬಾಗಿಲು ತೆರೆದವು.

16ನೇ ಶತಮಾನದಲ್ಲಿ ಇಟಲಿಯಿಂದ ಹಬ್ಬಿದ ತಗ್ಗು, ದಪ್ಪ ಮಣ್ಣಿನ, ಮೂಲೆಮೂಲೆಗೆ ಚೂಪು ಕೊತ್ತಲಗಳಿದ್ದ ಕೋಟೆಗಳು ಫಿರಂಗಿಯನ್ನು ಮತ್ತೆ ತಿಂಗಳುಗಟ್ಟಲೆ ತಡೆದವು. ಆದರೆ ಅವನ್ನು ಕಟ್ಟಿಸುವ ವೆಚ್ಚಕ್ಕೆ ಸಿಯೆನಾದಂಥ ನಗರರಾಜ್ಯವೇ ತತ್ತರಿಸಿತು. ಸಿಕ್ಕಿಂಗೆನ್‌ನಂಥ ಸರದಾರನಿಗೆ ಅದು ಎಟುಕುವ ಮಾತಾಗಿರಲಿಲ್ಲ.

ಇತಿಹಾಸ ಅಧ್ಯಾಪಕ, ಧಾರವಾಡ