ನಲವತ್ತೇ ಹಾಡು ಯಾಕೆ ಎಂದು ಕೇಳಿದ್ದೀರಿ: ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಒಂದು ರೈತ ಸಮುದಾಯದವರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ದೇವರ ಹಾಡುಗಳನ್ನು ಧ್ವನಿಮುದ್ರಿಸಲು ನೆರವು ಕೋರಿ ನಾವು ಅರ್ಜಿ ಹಾಕಿದ್ದೇವೆ. ಅದರ ಸಾರಾಂಶಕ್ಕೆ ನಮೂನೆಯಲ್ಲಿ ಇದ್ದದ್ದು ಒಂದೇ ಪುಟ. ಅದನ್ನು ಓದಿ ನೀವು ಕೇಳಿದ್ದು ಒಂದೇ ಪ್ರಶ್ನೆ: ‘ಹದಿನಾಲ್ಕು ತಿಂಗಳಿಗೆ ಬರೀ 40 ಹಾಡಾ?’ ಸರಿಯಾದ ಪ್ರಶ್ನೆಯೇ. ಆದರೆ ಉತ್ತರ ಆ ಪುಟದಲ್ಲಿ ಹಿಡಿಯಲಿಲ್ಲ. ಆ ಹಾಡುಗಳನ್ನು ನಿಮ್ಮಂತೆಯೇ ಕೇಳಬೇಕಾದವರು ಇನ್ನೂ ಬಹಳ ಜನ ಇದ್ದಾರೆ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಅರ್ಜಿ ಹಾಕುವ ಮೊದಲು ಒಂದು ಹಾಡನ್ನು ಪರೀಕ್ಷೆಗೆಂದು ಮುದ್ರಿಸಿದ್ದೆವು. ಸುಗ್ಗಿ ಮುಗಿದ ರಾತ್ರಿ ಕಣದಲ್ಲಿ ಹಾಡುವ ಹಾಡು ಅದು. ಮುಂದೆ ನಿಂತು ಹೇಳಿಕೊಡುವ ಅಜ್ಜಿಯನ್ನು ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿ ಹಾಡಿಸಿದೆವು. ಹನ್ನೊಂದು ನಿಮಿಷಕ್ಕೆ ಮುಗಿಯಿತು. ಆಮೇಲೆ ಅದೇ ಅಜ್ಜಿ ಕಣದಲ್ಲಿ, ಮೇಳದ ಜೊತೆ, ಅದೇ ಹಾಡನ್ನು 34 ನಿಮಿಷ ಹಾಡಿದರು.

ಮೈಕ್ ಕಂಡು ಅಂಜಿದ್ದಕ್ಕೆ ಹೀಗಾಯಿತು ಅಂದುಕೊಂಡಿದ್ದೆವು. ಹಾಗಲ್ಲ. ಕಣದಲ್ಲಿ ಅಜ್ಜಿ ಒಂದು ಸೊಲ್ಲು ಹೇಳಿದರೆ ಹಿಮ್ಮೇಳದವರು ಅದನ್ನೇ ತಿರುಗಿ ಹೇಳುತ್ತಾರೆ. ಅಷ್ಟು ಹೊತ್ತಿನಲ್ಲಿ ಅಜ್ಜಿ ಮುಂದಿನ ಸೊಲ್ಲು ಕಟ್ಟುತ್ತಾರೆ. ಅಂದು ಎದುರಿಗಿದ್ದ ರಾಶಿ, ಆ ವರ್ಷದ ಮಳೆ, ಬಂದ ಮನೆಯವರು, ಎಲ್ಲರೂ ದೇವರ ಹೆಸರಿನ ಜೊತೆ ಹಾಡಿನೊಳಗೆ ಬರುತ್ತಾರೆ. ಜಗಲಿಯಲ್ಲಿ ತಿರುಗಿ ಹೇಳುವವರೂ ಇರಲಿಲ್ಲ, ಎದುರಿಗೆ ರಾಶಿಯೂ ಇರಲಿಲ್ಲ. ನಮಗೆ ಸಿಕ್ಕಿದ್ದು ಹಾಡಿನ ಎಲುಬು ಮಾತ್ರ.

ವಿದ್ವಾಂಸ ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಯುಗೊಸ್ಲಾವಿಯಾದಲ್ಲಿ ಇದನ್ನೇ ಕಂಡರು. ಒಂದೇ ಕಥೆಯನ್ನು ಹಾಡುಗಾರ ಪ್ರತಿ ಸಲವೂ ಬೇರೆಯಾಗಿ ಕಟ್ಟುತ್ತಿದ್ದ. ಹಾಡು ನಡುವೆ ನಿಲ್ಲಬಾರದು ಎಂದು ಅವರು ಎರಡು ತಟ್ಟೆಗಳಲ್ಲಿ, ಒಂದು ತುಂಬಿದೊಡನೆ ಇನ್ನೊಂದಕ್ಕೆ ಬದಲಿಸಿ ಮುದ್ರಿಸುತ್ತಿದ್ದರು. ಅದಕ್ಕೇ ನಾವು ಒಂದೊಂದು ಹಾಡನ್ನು ಮೂರು ಸಲ, ಅದರದ್ದೇ ಸಂದರ್ಭದಲ್ಲಿ ಮುದ್ರಿಸುತ್ತೇವೆ ಎಂದಿದ್ದೇವೆ. ಬಿತ್ತನೆಯ ಹಾಡು ಬಿತ್ತನೆಯಲ್ಲೇ ಸಿಗಬೇಕು, ಸುಗ್ಗಿಯದ್ದು ಸುಗ್ಗಿಯಲ್ಲೇ. ಒಂದು ಮಳೆ ತಡವಾದರೆ ಎಲ್ಲವೂ ಮುಂದಕ್ಕೆ ಹೋಗುತ್ತದೆ. ಹದಿನಾಲ್ಕು ತಿಂಗಳು ಕೇಳಿದ್ದು ಇದಕ್ಕೆ.

ಉಪಕರಣದ ಖರ್ಚು ನೀವು ಅಂದುಕೊಂಡಷ್ಟು ಜಾಸ್ತಿ ಇಲ್ಲ. ಹೇಳಿಕೊಡುವವರ ಹತ್ತಿರ ಒಂದು ಮೈಕ್, ಹಿಮ್ಮೇಳಕ್ಕೆ ಇನ್ನೊಂದು, ಎರಡೂ ಬೇರೆ ಬೇರೆ ಟ್ರ್ಯಾಕ್‌ಗೆ. ಒಂದೇ ಮೈಕ್ ಇಟ್ಟರೆ ತಾಳದ ಸದ್ದು ಮಾತನ್ನು ನುಂಗುತ್ತದೆ. ಮಟ್ಟ ಜಾಸ್ತಿ ಇಟ್ಟರೆ ತಾಳದ ಏಟು ಹರಿದ ಹಾಗೆ ಕೇಳುತ್ತದೆ, ಆಮೇಲೆ ಅದನ್ನು ಸರಿಮಾಡಲು ಆಗುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಎರಡು ಟ್ರ್ಯಾಕ್ ಮುದ್ರಿಸಿದರೆ ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ. ಮೂರು ಪ್ರತಿ ಇಟ್ಟರೂ ದೊಡ್ಡ ಹೊರೆಯಲ್ಲ.

ಹಣ ಹೋಗುವುದು ಬರೆದಿಳಿಸುವುದಕ್ಕೆ. ಆ 34 ನಿಮಿಷಕ್ಕೆ ನಾವಿಬ್ಬರು ಮತ್ತು ಹಿಮ್ಮೇಳದ ಒಬ್ಬರು ಐದು ದಿನ ಕೂತೆವು. ಒಂದು ಕಡೆ ನಾನು ‘ಭೇಟಿಗೆ ಶರಣು’ ಎಂದು ಬರೆದಿದ್ದೆ. ಅವರು ಕೇಳಿ, ‘ಭೇಟಿ ಅಲ್ಲ, ಮೇಟಿ’ ಎಂದರು. ಕಣದ ನಡುವೆ ನೆಡುವ ಕಂಬಕ್ಕೆ ಹೇಳಿದ ಶರಣು ಅದು. ಅವರು ಪಕ್ಕದಲ್ಲಿ ಇರದಿದ್ದರೆ ದೇವರೇ ಬದಲಾಗಿಬಿಡುತ್ತಿತ್ತು. ಅವರ ದಿನಗೂಲಿಯನ್ನು ನಮೂನೆಯಲ್ಲಿ ಎಲ್ಲಿ ಬರೆಯುವುದೋ ತಿಳಿಯದೆ ‘ಇತರೆ’ ಕೆಳಗೆ ಬರೆದಿದ್ದೇವೆ. ದಯವಿಟ್ಟು ಅದನ್ನು ಕತ್ತರಿಸಬೇಡಿ.

ಇನ್ನೊಂದು ಮಾತು. ಮುದ್ರಿಸಿದ್ದೆಲ್ಲ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿರಬೇಕು ಎಂಬ ಷರತ್ತಿದೆ. ಹಾಡಿದ್ದನ್ನು ತಿರುಗಿ ಕೇಳಿಸಿದಾಗ ಅಜ್ಜಿ ಒಂದು ಭಾಗಕ್ಕೆ ಬೇಡ ಎಂದರು. ತೀರಿಹೋದ ಮನೆಯವರನ್ನು ಕರೆಯುವ ಸೊಲ್ಲುಗಳು ಅಲ್ಲಿವೆ, ಆ ರಾತ್ರಿ ಬಿಟ್ಟು ಬೇರೆ ಹೊತ್ತು ಅದು ಯಾರ ಕಿವಿಗೂ ಬೀಳಬಾರದಂತೆ. ಹಾಡುವ ಮೊದಲು ಅವರು ಒಪ್ಪಿಗೆ ಕೊಟ್ಟಿದ್ದರು ನಿಜ. ಆದರೆ ತನ್ನ ದನಿ ಪೆಟ್ಟಿಗೆಯಿಂದ ಹೊರಬರುವುದನ್ನು ಕೇಳಿದ ಮೇಲೆ ತಾನೇ ಏನು ಒಪ್ಪಿದೆ ಎಂದು ಗೊತ್ತಾಗುವುದು, ಅಲ್ವಾ? ಹಾಗಾಗಿ ಎರಡನೇ ಸಲ ಕೇಳಿ ಪಡೆದ ಒಪ್ಪಿಗೆಯನ್ನೇ ಲೆಕ್ಕಕ್ಕೆ ಹಿಡಿಯಲು ಬಿಡಿ. ಕೆಲವು ಹಾಡು ಎಲ್ಲರಿಗೂ, ಕೆಲವು ಸಮುದಾಯದವರಿಗೆ ಮಾತ್ರ, ಕೆಲವು ಮುಚ್ಚಿಟ್ಟು ಕಾಪಾಡಲು. ಒಂದು ಪೂರ್ತಿ ಪ್ರತಿ ಅವರ ಕೈಯಲ್ಲೇ ಇರಲಿ.

ಬಿತ್ತನೆಗೆ ಇನ್ನು ಏಳು ವಾರ ಇದೆ. ಅಷ್ಟರೊಳಗೆ ನಿಮ್ಮ ಉತ್ತರ ಬಂದರೆ ಮೊದಲ ಹಾಡಿಗೆ ನಾವು ಹೊಲದಲ್ಲಿರುತ್ತೇವೆ.

ಇಂತಿ,
ಅರ್ಜಿ ಹಾಕಿದ ತಂಡದ ಪರವಾಗಿ